ವರ್ಷದ 391ನೆಯ ದಿನ ಹುಟ್ಟಿದ ಗಿಟಾರ್

ನನ್ನ ನಕಲಿ ಗಿಟಾರ್‌ಗಳ ಫೋಟೊ ದಾಖಲೆಗೆ ಇದು ಏಳನೆಯದು. ದಾವಣಗೆರೆಯ ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಪರಿಚಯದ ಅಣ್ಣನೊಬ್ಬರು ಕಳೆದ ಭಾನುವಾರ ತಂದುಕೊಟ್ಟರು. ತಲೆಯ ಮೇಲೆ ಅಮೆರಿಕದ ಗಿಬ್ಸನ್ ಕಂಪನಿಯ ಹೆಸರಿದೆ, ಮೈ ಅದರ ಲೆಸ್ ಪಾಲ್ ಮಾದರಿಯ ಆಕಾರದ್ದು. ಕೈಬದಲಾಗಿ ಬಂದ ಮಾಲು. "ಅಸಲೋ ಅಲ್ಲವೋ, ಅಷ್ಟು ಹೇಳಿಬಿಡಪ್ಪ" ಎಂದರು.

ಮೊದಲ ದಿನ ತಲೆಯ ಹಿಂಬದಿಯ ಕ್ರಮಸಂಖ್ಯೆ ಓದಿದೆ: 039180462. ಸುಮಾರು 2005ರಿಂದ ಗಿಬ್ಸನ್‌ನ ಮಾಮೂಲಿ ಮಾದರಿಗಳಿಗೆ ಒಂಬತ್ತು ಅಂಕಿ. ಒಂದನೆಯದೂ ಐದನೆಯದೂ ಸೇರಿದರೆ ಇಸವಿ, ನಡುವಿನ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. ಇಲ್ಲಿ 0 ಮತ್ತು 8, ಅಂದರೆ 2008. ದಿನ? 391! ಅಧಿಕ ವರ್ಷವಾದರೂ 366ಕ್ಕೆ ಮುಗಿಯಬೇಕಲ್ಲ. ಆದರೆ ಗಿಬ್ಸನ್‌ನ ವಿಶೇಷ ವಿಭಾಗವಾದ ಕಸ್ಟಮ್ ಶಾಪ್‌ನ ಗಿಟಾರ್‌ಗಳಿಗೂ 2014ರಿಂದ ಕೆಲವು ವರ್ಷಗಳ ತಯಾರಿಕೆಗೂ ಈ ಲೆಕ್ಕ ಹೊಂದುವುದಿಲ್ಲ. ಲೆಕ್ಕ ಸರಿಬಂದರೂ ನೆಚ್ಚುವಂತಿಲ್ಲ. ಅಸಲಿನ ಸಂಖ್ಯೆಯನ್ನೇ ನಕಲಿಗೆ ಒತ್ತುವವರಿದ್ದಾರೆ. ಹಾಗಾಗಿ ಸಂಖ್ಯೆಯೊಂದನ್ನೇ ನಂಬಿ ತೀರ್ಪು ಕೊಡಲಿಲ್ಲ.

ಬುಧವಾರ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ತಲೆಯ ಮಟ್ಟಕ್ಕೆ ಓರೆಯಾಗಿ ಹಿಡಿದು ಫೋಟೊ ತೆಗೆದೆ. ನೇರ ಬೆಳಕಿನಲ್ಲಿ ಮುತ್ತಿನ ಚಿಪ್ಪಿನಂತೆ ಹೊಳೆದಿದ್ದ ಹೆಸರಿನ ಸುತ್ತ ಈಗ ತೆಳು ಹಾಳೆಯ ಅಂಚು ಎದ್ದು ಕಂಡಿತು. ಚಿಪ್ಪನ್ನು ಕೊರೆದು ಕೂರಿಸಿದ್ದಲ್ಲ, ಅಂಟಿಸಿ ಮೇಲೆ ವಾರ್ನಿಷ್ ಹೊಡೆದದ್ದು. ಗಿಬ್ಸನ್‌ನಲ್ಲೇ ಅಚ್ಚಿನ ಹೆಸರಿರುವ ಅಗ್ಗದ ಮಾದರಿಗಳಿವೆ. ಆದರೆ ಇದು ತಾನು ಚಿಪ್ಪಿನ ಹೆಸರಿರುವ ದುಬಾರಿ ಸ್ಟಾಂಡರ್ಡ್ ಮಾದರಿ ಎಂದು ಹೇಳಿಕೊಳ್ಳುತ್ತಿದೆ. ತಲೆಯ ತುದಿ ತೆರೆದಿಟ್ಟ ಪುಸ್ತಕದಂತೆ ಇರಬೇಕು. ಇದರ ನಡುವಿನ ತಗ್ಗು ತಟ್ಟೆಯಂತೆ ಚಪ್ಪಟೆ.

ಮರುದಿನ ತಂತಿ ಸಡಿಲಿಸಿ, ತಲೆಯ ಬುಡದಲ್ಲಿ, ಕತ್ತನ್ನು ನೇರವಾಗಿಡುವ ಒಳಗಿನ ಕಂಬಿಯ ತುದಿಯನ್ನು ಮುಚ್ಚುವ ಗಂಟೆಯಾಕಾರದ ಮುಚ್ಚಳ ಬಿಚ್ಚಿದೆ. ಎರಡು ತಿರುಪು ಇರಬೇಕಾದಲ್ಲಿ ಮೂರು. ಒಳಗೆ ಹಿತ್ತಾಳೆಯ ಷಟ್ಕೋನದ ನಟ್ ಬದಲು ಅಲೆನ್ ಕೀ ತೂರಿಸುವ ತೂತು. ಅಸಲಿಗೆ ಹೊರಗಿನಿಂದ ಹಿಡಿಯುವ 5/16 ಇಂಚಿನ ಸ್ಪ್ಯಾನರ್ ಬೇಕು. ಹೆಸರು ಅಂಟಿಸುವುದು ಸುಲಭ, ಕತ್ತಿನೊಳಗಿನ ಕಂಬಿ ಬದಲಿಸುವುದು ಕಷ್ಟ. ಅದಕ್ಕೇ ನನಗೆ ಈ ಮುಚ್ಚಳದ ಮೇಲೆ ಹೆಚ್ಚು ನಂಬಿಕೆ.

ಕತ್ತಿನ ಹಿಂಬದಿಯಲ್ಲಿ, ತಲೆ ಬಾಗುವ ಕಡೆ, ಬಣ್ಣದಡಿಯಲ್ಲಿ ಅಡ್ಡಗೆರೆ ಸಿಕ್ಕಿತು. ತಲೆಯನ್ನು ಬೇರೆ ತುಂಡಿನಿಂದ ಓರೆಯಾಗಿ ಕತ್ತರಿಸಿ ಬೆಸೆದಿದ್ದಾರೆ. ಲೆಸ್ ಪಾಲ್‌ನಲ್ಲಿ ಕತ್ತು, ತಲೆ ಒಂದೇ ಮರದ್ದು, ಅಕ್ಕಪಕ್ಕದ ಸಣ್ಣ ತುಂಡುಗಳು ಮಾತ್ರ ಅಂಟಿಸಿದವು. ತಮಾಷೆಯೆಂದರೆ, ಕೆಳಗೆ ಬಿದ್ದಾಗ ಅಸಲಿಯ ತಲೆಯೇ ಮುರಿಯುವುದಕ್ಕೆ ಹೆಸರುವಾಸಿ; ಬೆಸೆದ ಕತ್ತು ಬಹುಪಾಲು ಬದುಕಿಕೊಳ್ಳುತ್ತದೆ.

ಶನಿವಾರ ಅಣ್ಣನಿಗೆ ಫೋಟೊಗಳನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವರ ಸರಿಯಾಗಿದೆಯಲ್ಲ?" ಎಂದರು. ಮೇಲಿನ ಎರಡು ಫ್ರೆಟ್ ಝುಮ್ಮೆನ್ನುತ್ತಿದ್ದವು, ಉಜ್ಜಿ ಕೊಟ್ಟೆ. ಹೆಸರಿನ ಹಾಳೆಯನ್ನು ಅವರೇ ಉಗುರಿನಿಂದ ಕೆರೆಯತೊಡಗಿದರು, ವಾರ್ನಿಷ್ ಬಿಡಲಿಲ್ಲ. ಮುಂದಿನ ವಾರ ಮರಳು ಕಾಗದ ತರುತ್ತಾರಂತೆ.