ಎರಡು ಸಲ ಒತ್ತಿದ 2: ಗೋದಾಮಿನ ಬೀಗದಲ್ಲಿ ಸಿಕ್ಕ ತಪ್ಪು

ಕಕ್ಕಡ ತಿಂಗಳ ಮಳೆ. ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ, ಕಾಫಿ ಮತ್ತು ಒಳ್ಳೆಮೆಣಸಿನ ಮೂಟೆ ಇಡುವ ಗೋದಾಮಿನ ಬಾಗಿಲಿಗೆ ನಂಬರ್ ಬೀಗ ಕೂರಿಸಿ ಮೂರು ವಾರ ಆಗಿತ್ತು. ಆರ್ಡ್ವಿನೋ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡು, ಹನ್ನೆರಡು ಗುಂಡಿಯ ಕೀಪ್ಯಾಡ್, ರಿಲೇ, 12 ವೋಲ್ಟಿನ ಸೊಲೆನಾಯ್ಡ್ ಬೀಗ, ಇಷ್ಟೇ ಸಾಮಾನು. ತೋಟದ ಲೆಕ್ಕಪತ್ರ ನೋಡುವ ರೈಟರ್ ಅವರ ದೂರು ಒಂದೇ: “ಸರಿಯಾಗೇ ಒತ್ತುತ್ತೇನೆ ಸರ್, ಒಂದೊಂದು ಸಲ ತೆಗೆಯುವುದೇ ಇಲ್ಲ.”

ಸಂಖ್ಯೆ 2-7-2-5 ಎಂದಿಟ್ಟುಕೊಳ್ಳಿ. ನಿಜವಾದದ್ದು ಬೇರೆ, ಆದರೆ ಮೊದಲನೆಯ ಅಂಕೆಯೇ ಮೂರನೆಯದಾಗಿ ಮತ್ತೆ ಬರುವ ಜೋಡಣೆ ಅದೇ. ಬೀಗಕ್ಕೆ ನೆನಪಿರಬೇಕಾದದ್ದು ಒಂದೇ ವಿಷಯ: ಇಲ್ಲಿಯವರೆಗೆ ಎಷ್ಟು ಅಂಕೆ ಸರಿ ಬಂದಿದೆ. ಅದೇ ಅದರ ಸ್ಥಿತಿ. 0ಯಿಂದ ಶುರು, 4 ತಲುಪಿದರೆ ಬಾಗಿಲು ತೆರೆಯುತ್ತದೆ. ಒಳಗಿದ್ದ ಪ್ರೋಗ್ರಾಮಿನ ಸಾರ ಎರಡೇ ಸಾಲು. ಅದರಲ್ಲಿ k ಎಂದರೆ ಈಗ ಒತ್ತಿದ ಅಂಕೆ, code ಎಂದರೆ ಬೀಗದ ಸಂಖ್ಯೆ, state ಎಂದರೆ ಸ್ಥಿತಿ:

```
if (k == code[state]) state++;
else state = 0;
```

ಓದಿದರೆ ತಪ್ಪೇನೂ ಕಾಣುವುದಿಲ್ಲ. ಹಾಗಾಗಿ ಮೊದಲ ಅನುಮಾನ ಹೋದದ್ದು ಗುಂಡಿಗಳ ಮೇಲೆ. ಗುಂಡಿಯೊಳಗಿನ ಸಂಪರ್ಕ ಒಂದೇ ಏಟಿಗೆ ಕೂರುವುದಿಲ್ಲ. ಕೆಲವು ಮಿಲಿಸೆಕೆಂಡು ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಅದನ್ನು ಸೋಸದಿದ್ದರೆ ಒಂದು ಒತ್ತು ಎರಡಾಗಿ ದಾಖಲಾಗುತ್ತದೆ. ತಪ್ಪು ಅಂಕೆಗೆ ಮೊದಲಿಗೆ ಮರಳುವ ಬೀಗದಲ್ಲಿ ಅಷ್ಟೇ ಸಾಕು, ಬಾಗಿಲು ತೆರೆಯದಿರುವುದಕ್ಕೆ.

ಲ್ಯಾಪ್‌ಟಾಪ್ ಜೋಡಿಸಿ, ಪ್ರತಿ ಒತ್ತಿಗೂ ಅಂಕೆ, ಹೊಸ ಸ್ಥಿತಿ ಮತ್ತು `millis()` ಕೊಡುವ ಸಮಯ ಪರದೆಗೆ ಬರುವಂತೆ ಮಾಡಿ, ರೈಟರ್ ಅವರಿಗೇ ಒತ್ತಲು ಹೇಳಿದೆವು. ನಾಲ್ಕನೇ ಪ್ರಯತ್ನದಲ್ಲಿ ಸಿಕ್ಕಿತು:

```
2>1  2>0  7>0  2>1  5>0
```

2 ಎರಡು ಸಲ ಬಂದಿದೆ, ನಿಜ. ಆದರೆ ಎರಡರ ನಡುವಿನ ಅಂತರ 840 ಮಿಲಿಸೆಕೆಂಡು. ಗುಂಡಿ ತಾನಾಗಿ ಕುಣಿದಿದ್ದರೆ ಅದು ಒಂದಂಕಿಯಲ್ಲೋ ಹತ್ತಿಪ್ಪತ್ತರೊಳಗೋ ಇರಬೇಕಿತ್ತು. 840 ಎಂದರೆ ಮನುಷ್ಯನ ಬೆರಳು. ಕೇಳಿದಾಗ ಹೇಳಿದರು: “ಕೈ ಒದ್ದೆ ಇತ್ತು, ಮೊದಲನೆಯದು ತಗೊಂಡಿತೋ ಇಲ್ಲವೋ ಅಂತ ಮತ್ತೆ ಮೊದಲಿಂದ ಒತ್ತಿದೆ.” ಸಂದೇಹ ಬಂದರೆ ಯಾರೂ ಮಾಡುವುದು ಇದನ್ನೇ.

ತಪ್ಪು ಇರುವುದು ಇಲ್ಲಿ. ಎರಡನೆಯ 2 ಆ ಜಾಗಕ್ಕೆ ತಪ್ಪು ಅಂಕೆ, ಆದರೆ ಹೊಸ ಪ್ರಯತ್ನದ ಮೊದಲನೇ ಅಂಕೆಯಾಗಿ ಸರಿ. ನಮ್ಮ ಪ್ರೋಗ್ರಾಮು ಹಳೆಯದನ್ನು ಅಳಿಸುವಾಗ ಆ 2ನ್ನೂ ನುಂಗಿಹಾಕುತ್ತಿತ್ತು. ಆಮೇಲೆ 7-2-5 ಸರಿಯಾಗಿ ಒತ್ತಿದರೂ ಬೀಗದ ಲೆಕ್ಕದಲ್ಲಿ ಅದಕ್ಕೆ ತಲೆಯೇ ಇಲ್ಲ.

ತಪ್ಪಿದ ಅಂಕೆ 2 ಆಗಿದ್ದರೆ 0ಗೆ ಹೋಗದೆ 1ಕ್ಕೆ ಹೋಗು ಎಂದು ತಿದ್ದಿದರೆ ರೈಟರ್ ಅವರ ಪ್ರಕರಣ ಮುಗಿಯಿತು. ನಾಲ್ಕೂ ಅಂಕೆ ಬೇರೆಬೇರೆ ಇದ್ದರೆ, 2-7-4-5 ಥರ, ಅಷ್ಟೇ ಸಾಕು. ನಮ್ಮದಕ್ಕೆ ಸಾಲದು. 2-7-2 ಆದ ಮೇಲೆ ಯಾರಾದರೂ ತಪ್ಪಿ 7 ಒತ್ತಿದರು ಎನ್ನಿ. ಕೊನೆಯ ಎರಡು ಒತ್ತು 2-7. ಅದು ಸಂಖ್ಯೆಯ ಮೊದಲರ್ಧವೇ. ಹಾಗಾಗಿ ಬೀಗ 2ನೇ ಸ್ಥಿತಿಯಲ್ಲಿ ನಿಲ್ಲಬೇಕು, ಮುಂದೆ 2-5 ಬಂದರೆ ತೆರೆಯಬೇಕು. ಸೂತ್ರ ಇಷ್ಟು: ಇದುವರೆಗೆ ಒತ್ತಿದ್ದರ ಬಾಲದಲ್ಲಿ, ಸಂಖ್ಯೆಯ ತಲೆಗೆ ಹೊಂದುವ ಅತಿ ಉದ್ದದ ತುಂಡು ಎಷ್ಟೋ, ಅದೇ ಹೊಸ ಸ್ಥಿತಿ.

```
if (k == code[state]) state++;
else if (state == 3 && k == '7') state = 2;
else if (k == '2') state = 1;
else state = 0;
```

ಇದು ಈ ಸಂಖ್ಯೆಗೆ ಮಾತ್ರ. ಸಂಖ್ಯೆ ಬದಲಿಸಿದ ದಿನ ನಡುವಿನ ಎರಡು ಸಾಲನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅದಕ್ಕೇ ಆ ಸಾಲುಗಳ ಪಕ್ಕದಲ್ಲೇ ಟಿಪ್ಪಣಿ ಬರೆದಿಟ್ಟೆವು.

ತಪ್ಪು ಒತ್ತಿದ ಕೂಡಲೇ ಬಜರ್ ಕೂಗಿಸಿ ಎಂದು ರೈಟರ್ ಕೇಳಿದರು. ಒದ್ದೆ ಕೈಯವರಿಗೆ ಅದು ಅನುಕೂಲವೇ, ಆದರೆ ಕಳ್ಳನಿಗೆ ಇನ್ನೂ ಹೆಚ್ಚು ಅನುಕೂಲ. ಸುಮ್ಮನಿರುವ ಬೀಗದ ಮುಂದೆ ಅವನಿಗೆ 10,000 ಸಂಖ್ಯೆಗಳ ಸಾಧ್ಯತೆ ಇದೆ. ತಪ್ಪಿಗೆ ಕೂಗುವ ಬೀಗವಾದರೆ ಒಂದೊಂದು ಜಾಗವನ್ನೂ ಹೆಚ್ಚೆಂದರೆ ಹತ್ತು ಪ್ರಯತ್ನದಲ್ಲಿ ಹಿಡಿಯಬಹುದು, ಒಟ್ಟು 40ರೊಳಗೆ ಬಾಗಿಲು ತೆರೆದೀತು. ಆದ್ದರಿಂದ ಸರಿಯೋ ತಪ್ಪೋ, ಪ್ರತಿ ಒತ್ತಿಗೂ ಒಂದೇ ಥರದ ಚಿಕ್ಕ ಸದ್ದು ಕೊಟ್ಟೆವು. ಅವರಿಗೆ ಬೇಕಿದ್ದದ್ದೂ ಒತ್ತು ತಗೊಂಡಿತು ಎಂಬ ಖಾತ್ರಿಯೇ.

ಜೊತೆಗೆ, 5 ಸೆಕೆಂಡು ಯಾವ ಗುಂಡಿಯೂ ಒತ್ತದಿದ್ದರೆ ಸ್ಥಿತಿ 0ಗೆ ಬರುವಂತೆ ಮಾಡಿದೆವು. ಇಲ್ಲದಿದ್ದರೆ ಒಬ್ಬರು 2-7-2 ಒತ್ತಿ ಬಿಟ್ಟುಹೋದ ಮೇಲೆ, ಬಂದವರು ಬರಿ 5 ಒತ್ತಿದರೂ ಬಾಗಿಲು ತೆರೆಯುತ್ತದೆ.

ಕತ್ತಲಾಗುವ ಮುಂಚೆ ಮೂರನ್ನೂ ಒತ್ತಿ ನೋಡಿದೆವು. 2-2-7-2-5ಕ್ಕೆ ತೆರೆಯಿತು. 2-7-2-7-2-5ಕ್ಕೂ ತೆರೆಯಿತು. 2-7-2 ಒತ್ತಿ ಆರು ಸೆಕೆಂಡು ಬಿಟ್ಟು 5 ಒತ್ತಿದಾಗ ಸದ್ದು ಬಂತು, ಬೀಗ ಮಾತ್ರ ಅಲುಗಲಿಲ್ಲ.