ಸಂಪರ್ಕಿತರ ರಿಜಿಸ್ಟರ್‌ನಲ್ಲಿ ‘ಇಲ್ಲ’ ಎಂದು ಬರೆಯುವ ಮುನ್ನ

ಕಳೆದ ಪರಿಶೀಲನಾ ಸಭೆಯಲ್ಲಿ ಕ್ಷಯ ರೋಗಿಗಳ ಜೊತೆಗಿರುವ ಸಂಪರ್ಕಿತರನ್ನು ದಾಖಲಿಸುವ ನನ್ನ ರಿಜಿಸ್ಟರ್‌ನ ಎರಡು ಸಾಲುಗಳ ಬಗ್ಗೆ ನಡೆದ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾಗಿದ್ದ ಗಾರೆ ಕೆಲಸದವರೊಬ್ಬರ ಮನೆಯ ಐವರು ಸಂಪರ್ಕಿತರಲ್ಲಿ ಮೂವರ ಸಾಲು ತುಂಬಿತ್ತು. ಮೂರು ವರ್ಷದ ಮಗಳದ್ದು ಮತ್ತು ಅವರ ತಮ್ಮನದ್ದು ಅರ್ಧಕ್ಕೇ ನಿಂತಿತ್ತು. “ಮಗುವಿಗೆ ಕೆಮ್ಮಿಲ್ಲ ಅಂತ ನೀವೇ ಬರೆದಿದ್ದೀರಿ, ಮಾತ್ರೆಯೂ ಬಂದಿದೆ, ಟಿಪಿಟಿ ಇನ್ನೂ ಶುರುವಾಗಿಲ್ಲ ಅಂದರೆ ಹೇಗಮ್ಮ? ಸಂಜೆಯೊಳಗೆ ನಿಕ್ಷಯ್‌ನಲ್ಲಿ ಎಂಟ್ರಿ ಆಗಬೇಕು” ಎಂದು ಮೇಲ್ವಿಚಾರಕರು ಎಲ್ಲರೆದುರು ಕೇಳಿದರು. ಟಿಪಿಟಿ ಎಂದರೆ ಕ್ಷಯ ಬಾರದಂತೆ ಕೊಡುವ ತಡೆ ಚಿಕಿತ್ಸೆ, ನಿಕ್ಷಯ್ ಎಂದರೆ ಕ್ಷಯದ ವಿವರಗಳನ್ನು ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ.

ಐದು ವರ್ಷದೊಳಗಿನ ಸಂಪರ್ಕಿತ ಮಕ್ಕಳಿಗೆ ಕ್ಷಯ ಇಲ್ಲವೆಂದು ಖಚಿತವಾದ ಮೇಲೆ, ಕ್ಷಯ ಸೋಂಕಿನ ಬೇರೆ ಪರೀಕ್ಷೆಗೆ ಕಾಯದೆ ತಡೆ ಚಿಕಿತ್ಸೆ ಕೊಡಬೇಕು ಎಂಬುದು ಸರಿಯೇ. ಆದರೆ ‘ಇಲ್ಲವೆಂದು ಖಚಿತವಾಗುವುದು’ ಕೆಮ್ಮೊಂದನ್ನೇ ಕೇಳಿದರೆ ಆಗುವ ಕೆಲಸವಲ್ಲ. ದೊಡ್ಡವರಲ್ಲಿ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಕೇಳುತ್ತೇವೆ. ಮಕ್ಕಳಲ್ಲಿ ತೂಕ ಏರುತ್ತಿದೆಯೇ, ಮೊದಲಿನಂತೆ ಆಡುತ್ತಿದೆಯೇ ಎಂಬುದನ್ನೂ ನೋಡಬೇಕು. ರಿಜಿಸ್ಟರ್‌ನಲ್ಲಿ ಇದಕ್ಕೆಲ್ಲ ಇರುವುದು ‘ಲಕ್ಷಣ: ಹೌದು/ಇಲ್ಲ’ ಎಂಬ ಒಂದೇ ಕಲಂ. ಆ ಮನೆಯ ಅಜ್ಜಿ ನನಗೆ ಹೇಳಿದ್ದು ಹೀಗೆ: “ಕೆಮ್ಮೇನೂ ಇಲ್ಲ ಕಣಮ್ಮ, ಆದ್ರೆ ಮೊದಲಿನ ಹಾಗೆ ಆಡಕ್ಕೆ ಹೋಗಲ್ಲ, ಮಡಿಲಲ್ಲೇ ಕೂತಿರ್ತಾಳೆ.” ಅಂಗನವಾಡಿಯ ಬೆಳವಣಿಗೆ ಪಟ್ಟಿ ತೆಗೆಸಿ ನೋಡಿದಾಗ, ಮೂರು ತಿಂಗಳ ಹಿಂದೆ 11.4 ಕಿಲೋ ಇದ್ದ ತೂಕ 11.1 ಆಗಿತ್ತು. ಈ ಎರಡನ್ನೂ ಪೆನ್ಸಿಲಿನಲ್ಲಿ ಅಂಚಿಗೆ ಬರೆದು, ಮಾತ್ರೆಯ ಪೊಟ್ಟಣವನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ.

ಸಭೆಯಲ್ಲಿ ಕೆಲವು ನಿಮಿಷ ಯಾರೂ ಮಾತಾಡಲಿಲ್ಲ. ಮಾತ್ರೆ ಕೊಟ್ಟು ದಿನಾಂಕ ಹಾಕಿದ್ದರೆ ಆ ಸಾಲು ಅಂದೇ ಮುಗಿಯುತ್ತಿತ್ತು. ಆದರೆ ತಡೆ ಚಿಕಿತ್ಸೆಗೆ ಬಂದಿದ್ದು ಐಸೋನಿಯಾಜಿಡ್ ಒಂದೇ. ನಿಜವಾಗಿ ಕಾಯಿಲೆಯೇ ಇರುವ ಮಗುವಿಗೆ ಆ ಒಂದನ್ನೇ ಕೊಟ್ಟರೆ ಕಾಯಿಲೆ ವಾಸಿಯಾಗುವುದಿಲ್ಲ, ಮುಂದೆ ಆ ಔಷಧಿಗೇ ಬಗ್ಗದ ಕ್ಷಯವಾಗುವ ಅಪಾಯವಿರುತ್ತದೆ. ನಾನು ಅಂಚಿನ ಟಿಪ್ಪಣಿಯನ್ನು ಓದಿ ಹೇಳಿದೆ. ವೈದ್ಯಾಧಿಕಾರಿಗಳು ರಿಜಿಸ್ಟರ್ ತೆಗೆದುಕೊಂಡು, ಎಕ್ಸ್‌ರೇ ಆಗುವವರೆಗೆ ಮಾತ್ರೆ ಬೇಡವೆಂದು ಸ್ವತಃ ಬರೆದರು. ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಮಕ್ಕಳ ವೈದ್ಯರೂ ಪರೀಕ್ಷಿಸಿ ಕ್ಷಯ ಇಲ್ಲವೆಂದರು. ಅದಾದ ಮೇಲೆಯೇ ಕಿಲೋಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 100 ಮಿಲಿಗ್ರಾಂ, ಆರು ತಿಂಗಳಿಗೆಂದು ಆರಂಭವಾಯಿತು. ಕಾಯಿಲೆ ಇರಲಿಲ್ಲವಲ್ಲ, ಸುಮ್ಮನೆ ತಡವಾಯಿತು ಎಂದವರಿದ್ದಾರೆ, ನಾನು ಒಪ್ಪುವುದಿಲ್ಲ. ಇಲ್ಲವೆಂದು ಗೊತ್ತಾಗಿದ್ದೇ ಆ ತಡದಿಂದ.

ಈಗ ಪ್ರತಿ ಸಂಪರ್ಕಿತರ ಸಾಲಿನಲ್ಲೂ ಟಿಕ್ ಹಾಕುವ ಬದಲು ನೋಡಿದ ದಿನಾಂಕ, ಕೇಳಿದ ಲಕ್ಷಣಗಳು ಮತ್ತು ಮಕ್ಕಳಾದರೆ ತೂಕವನ್ನು ಬರೆಯುತ್ತೇನೆ. ಭೇಟಿಯಾಗದವರ ಕಲಂನಲ್ಲಿ ‘ನೋಡಿಲ್ಲ’ ಎಂದೇ ಇರುತ್ತದೆ, ಏಕೆಂದರೆ ಖಾಲಿ ಬಿಟ್ಟರೆ ತಿಂಗಳ ಕೊನೆಯಲ್ಲಿ ಯಾರಾದರೂ ಅದನ್ನು ‘ಇಲ್ಲ’ ಎಂದು ಓದಿಬಿಡುತ್ತಾರೆ. ಅನುಸರಣೆಯ ಕಲಂನಲ್ಲಿ ಪ್ರತಿ ತಿಂಗಳ ತೂಕವನ್ನೂ ಸೇರಿಸಿದ್ದೇನೆ. ಮಗು ಬೆಳೆದಂತೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕಾಗುತ್ತದೆ. ವಾಂತಿ, ಊಟ ಬೇಡವೆನ್ನುವುದು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಪಿಎಚ್‌ಸಿಗೆ ಬರಬೇಕೆಂದು ತಾಯಿಗೆ ಹೇಳಿದ್ದೇನೆ.

ತಮ್ಮನ ಸಾಲಿನದು ಬೇರೆಯೇ ತೊಡಕು. ಅವರ ಹೆಸರು ಅಣ್ಣನ ಪಡಿತರ ಚೀಟಿಯಲ್ಲಿಲ್ಲ. ಬೆಂಗಳೂರಿನಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಅಣ್ಣ ಮಲಗುವ ಕೋಣೆಯಲ್ಲೇ ಮಲಗುತ್ತಾರೆ. ರೋಗಿಯ ಚಿಕಿತ್ಸೆ ಶುರುವಾಗುವ ಹಿಂದಿನ ಮೂರು ತಿಂಗಳಲ್ಲಿ ಒಂದು ರಾತ್ರಿಯಾದರೂ ಒಂದೇ ಸೂರಿನಡಿ ಮಲಗಿದ್ದವರು ಮನೆ ಸಂಪರ್ಕಿತರೇ ಆದ್ದರಿಂದ, “ಮನೆಯಲ್ಲಿ ಎಷ್ಟು ಜನ?” ಎಂಬ ಪ್ರಶ್ನೆ ಸಾಲದು, “ರಾತ್ರಿ ಯಾರ್ಯಾರು ಮಲಗುತ್ತಾರೆ?” ಎಂದು ಕೇಳಬೇಕು. ಭಾನುವಾರ ಬೆಳಿಗ್ಗೆ ಅವರನ್ನು ಕಂಡು ನಾಲ್ಕು ಲಕ್ಷಣಗಳನ್ನೂ ಕೇಳಿದೆ. ಯಾವುದೂ ಇರಲಿಲ್ಲ, ಎಕ್ಸ್‌ರೇಗೆ ಚೀಟಿ ಕೊಡಿಸಿದೆ. ಕ್ಷಯ ಇಲ್ಲವೆಂದಾದರೆ ತಡೆ ಚಿಕಿತ್ಸೆಯ ಮಾತ್ರೆ ನುಂಗುವುದು ಬೆಂಗಳೂರಿನಲ್ಲಿಯಾದ್ದರಿಂದ ಮುಂದಿನ ಕಲಂಗಳನ್ನು ನಾನೊಬ್ಬಳೇ ತುಂಬಲಾರೆ. ಅಲ್ಲಿನ ವಿಳಾಸವನ್ನೂ ಹತ್ತಿರದ ಆರೋಗ್ಯ ಕೇಂದ್ರವನ್ನೂ ಬರೆದು, ಕ್ಷಯ ಚಿಕಿತ್ಸೆಯ ಹಿರಿಯ ಮೇಲ್ವಿಚಾರಕರಾದ ಎಸ್‌ಟಿಎಸ್ ಅವರಿಗೆ ಕೊಟ್ಟಿದ್ದೇನೆ. ಅಲ್ಲಿನವರು ಅವರ ಹೊಣೆಯನ್ನು ಒಪ್ಪಿಕೊಂಡ ಮಾಹಿತಿ ಬರುವವರೆಗೆ ಆ ಸಾಲನ್ನು ನನ್ನ ಪುಸ್ತಕದಿಂದ ಹೊಡೆದುಹಾಕುವುದಿಲ್ಲ.