2/3ಕ್ಕೂ 4/6ಕ್ಕೂ ನಡುವೆ ಒಂದು ಮಡಿಕೆ

"ಸಮಾನ ಭಿನ್ನರಾಶಿ ಪಾಠದಲ್ಲಿ ಕಾಗದದ ಪಟ್ಟಿ ಮಡಚುವಾಗ ಮಕ್ಕಳಿಗೆ ಎಲ್ಲ ಗೊತ್ತಾಗುತ್ತೆ ಮೇಡಂ. ಬೋರ್ಡ್ ಮೇಲೆ 2/3 = 4/6 ಅಂತ ಬರೆದ ಕೂಡಲೇ ಕಣ್ ಕಣ್ ಬಿಡ್ತಾರೆ. ಏನು ಮಾಡೋದು?"

ಮಡಚುವುದು ಒಂದು ದಿನ, ಬರೆಯುವುದು ಇನ್ನೊಂದು ದಿನ ಅಂತ ಮಾಡಬೇಡಿ. ನಾನೂ ಮೊದಲು ಸೋಮವಾರ ಪಟ್ಟಿ, ಮಂಗಳವಾರ ನಿಯಮ ಅಂತ ಮಾಡುತ್ತಿದ್ದೆ. ಮಕ್ಕಳಿಗೆ ಅವು ಸಂಬಂಧವೇ ಇಲ್ಲದ ಎರಡು ಪಾಠಗಳಾಗಿದ್ದವು.

ಈಗ ಎಲ್ಲರಿಗೂ 24 ಸೆಂ.ಮೀ. ಉದ್ದದ ಪಟ್ಟಿ ಕೊಡುತ್ತೇನೆ. 24 ಯಾಕೆ ಅಂದರೆ ಅದನ್ನು 2, 3, 4, 6, 8 ಭಾಗ ಮಾಡಿದರೂ ಲೆಕ್ಕ ಸರಿಯಾಗಿ ಕೂರುತ್ತದೆ. ಉದ್ದ ಎಲ್ಲರದ್ದೂ ಒಂದೇ ಇರಬೇಕು. ಕತ್ತರಿಸುವಾಗ ಒಂದು ಚೂರು ಗಿಡ್ಡವಾದರೂ "ನನ್ನ ಅರ್ಧ, ಅವನ ಅರ್ಧ ಬೇರೆ" ಎಂಬ ಜಗಳ ಶುರು!

8 ಮತ್ತು 16ರಲ್ಲಿ ಗುರುತು ಹಾಕಿ ಮೂರಾಗಿ ಮಡಚುತ್ತಾರೆ. ಬಿಡಿಸಿ ಎರಡು ಭಾಗಕ್ಕೆ ಬಣ್ಣ ಹಚ್ಚಿ, ಪುಸ್ತಕದಲ್ಲಿ 2/3 ಬರೆಯುತ್ತಾರೆ. ಮತ್ತೆ ಮೂರಾಗಿ ಮಡಚಿ, ಆ ಮಡಿಕೆಯನ್ನೇ ಅರ್ಧಕ್ಕೆ ಮಡಚುತ್ತಾರೆ. ಇಲ್ಲಿ ನಿಲ್ಲಿಸುತ್ತೇನೆ. ಬಿಡಿಸೋ ಹಾಗಿಲ್ಲ. ಒಳಗೆ ಎಷ್ಟು ಭಾಗ ಇದೆ, ಊಹಿಸಿ ಬರೆಯಿರಿ ಅನ್ನುತ್ತೇನೆ. ತುಂಬಾ ಮಕ್ಕಳು 5 ಬರೆಯುತ್ತಾರೆ, ಮೂರಕ್ಕೆ ಎರಡು ಸೇರಿತು ಅಂತ. ಬಿಡಿಸಿದರೆ 6. ಬಣ್ಣದ್ದು 4.

ಆಗ ಕೇಳುವ ಪ್ರಶ್ನೆ ಒಂದೇ: "ಒಂದೊಂದು ತುಂಡೂ ಎಷ್ಟಾಯ್ತು?" ಎರಡಾಯ್ತು. ಬಣ್ಣದ ತುಂಡೂ ಎರಡಾಯ್ತು, ಬಿಳಿಯದೂ ಎರಡಾಯ್ತು. ಅದನ್ನೇ ಹೀಗೆ ಬರೆಯುತ್ತೇವೆ:

(2 × 2)/(3 × 2) = 4/6

ಆ "× 2" ಎಂದರೆ ಕೊನೆಯ ಮಡಿಕೆ. "ಗುಣಿಸಿದರೆ ದೊಡ್ಡದಾಗಬೇಕಲ್ವಾ ಮಿಸ್?" ಎಂದು ಒಬ್ಬಳು ಕೇಳಿದ್ದಳು. ಬಣ್ಣದ ಭಾಗವನ್ನು ಅಳೆಯಲು ಹೇಳಿದೆ. ಮೊದಲೂ 16 ಸೆಂ.ಮೀ., ಈಗಲೂ 16. ತುಂಡುಗಳು ಜಾಸ್ತಿಯಾದವು, ಆದರೆ ಸಣ್ಣವಾದವು.

ಇನ್ನೊಂದು ತಪ್ಪು ಬಂದೇ ಬರುತ್ತದೆ. ಮೇಲೆ ಕೆಳಗೆ ಒಂದೊಂದು ಕೂಡಿಸಿ 2/3 = 3/4 ಅನ್ನುತ್ತಾರೆ. ತಪ್ಪು ಅಂತ ಹೇಳುವುದೇ ಬೇಡ. ಇನ್ನೊಂದು ಪಟ್ಟಿಯನ್ನು ನಾಲ್ಕಾಗಿ ಮಡಚಿ, ಮೂರು ಭಾಗಕ್ಕೆ ಬಣ್ಣ ಹಚ್ಚಿಸಿ, ಪಕ್ಕದಲ್ಲಿ ಇಡಿಸಿ. 18 ಸೆಂ.ಮೀ. ಬರುತ್ತದೆ. ಎರಡು ಸೆಂಟಿಮೀಟರ್ ಹೊರಗೆ ಚಾಚಿಕೊಂಡಿರುವುದು ಅವರಿಗೇ ಕಾಣುತ್ತದೆ.

ಎಂಟು ಭಾಗದ ಆಚೆ ಕಾಗದ ದಪ್ಪವಾಗಿ ಗೆರೆಗಳು ಅಡ್ಡಾದಿಡ್ಡಿ ಹೋಗುತ್ತವೆ. ಪಟ್ಟಿ ಬಿಡುವ ಹೊತ್ತು ಅದು. ನೋಟ್‌ಬುಕ್ಕಿನಲ್ಲಿ ಪಟ್ಟಿಯ ಚಿತ್ರ ಬರೆಸಿ, ಗೆರೆ ಎಳೆಸುತ್ತೇನೆ. ಆಮೇಲೆ 3/4 = ?/20 ಕೊಡುತ್ತೇನೆ. ಇದನ್ನು ಯಾರೂ ಮಡಚಲಾರರು. "ನಾಲ್ಕು ಇಪ್ಪತ್ತಾಗಬೇಕಾದರೆ ಒಂದೊಂದು ತುಂಡೂ ಎಷ್ಟಾಗಬೇಕು?" ಅಂತಷ್ಟೇ ಕೇಳುತ್ತೇನೆ. ಐದು ಅಂದವರು 15 ಬರೆಯುತ್ತಾರೆ. ಉಳಿದವರಿಗೆ ಇನ್ನೂ ಎರಡು ದಿನ ಚಿತ್ರ.